‘ಬಂದ್’ ಎಂದರೆ ಆನೋ, ಆಫೋ?

ಇಂಗ್ಲಿಷ್ ಕೈಪಿಡಿಯಲ್ಲಿ ‘ಕ್ಲೋಸ್ ದಿ ಬ್ರೇಕರ್’ ಎಂದಿದ್ದರೆ, ಎಲೆಕ್ಟ್ರೀಷಿಯನ್ನರ ಭಾಷೆಯಲ್ಲಿ ಬ್ರೇಕರ್ ಆನ್ ಮಾಡಿ ಎಂದರ್ಥ. ಒಳಗಿನ ಸಂಪರ್ಕಗಳು ಕೂಡಿಕೊಂಡು ಕರೆಂಟ್ ಹರಿಯುತ್ತದೆ. ಅದನ್ನೇ ಹಿಂದಿಯಲ್ಲಿ ‘ಬ್ರೇಕರ್ ಬಂದ್ ಕರೇಂ’ ಎಂದೋ, ಕನ್ನಡದಲ್ಲಿ ‘ಬ್ರೇಕರ್ ಬಂದ್ ಮಾಡಿ’ ಎಂದೋ ಬರೆದರೆ ಓದಿದವರು ಆಫ್ ಮಾಡುತ್ತಾರೆ. ‘ಓಪನ್ ದಿ ಬ್ರೇಕರ್’ ಇನ್ನೂ ಅಪಾಯಕಾರಿ. ಕರೆಂಟ್ ಕಡಿಯಿರಿ ಎಂಬುದು ಅದರ ಅರ್ಥ. ‘ಬ್ರೇಕರ್ ತೆರೆಯಿರಿ’ ಎಂದು ಓದಿದ ಹೊಸ ಹುಡುಗ ಪ್ಯಾನಲ್ಲಿನ ಬಾಗಿಲು ತೆಗೆದು, ಕರೆಂಟ್ ಇರುವ ಟರ್ಮಿನಲ್ಲುಗಳ ಎದುರು ನಿಂತುಬಿಡಬಹುದು. ಅದೇ ಪುಟದಲ್ಲಿ ‘ಕ್ಲೋಸ್ ದಿ ವಾಲ್ವ್’ ಎಂದೂ ಇದ್ದರೆ ಅದು ಹರಿವನ್ನು ನಿಲ್ಲಿಸುವ ಆದೇಶ. ಮೂಲದಲ್ಲಿ ಇರುವುದು ಒಂದೇ ಪದ, ಆಗಬೇಕಾದ ಕೆಲಸಗಳು ಮಾತ್ರ ತದ್ವಿರುದ್ಧ.

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಒಂದು ಪ್ರೆಸ್ ಶಾಪ್ ಇದೆ ಎಂದಿಟ್ಟುಕೊಳ್ಳೋಣ. ತಗಡನ್ನು ಒತ್ತಿ ಬಿಡಿಭಾಗ ಮಾಡುವ ಕಡೆ. ಮಷೀನಿನ ಮುಂದೆ ಕನ್ನಡ, ತಮಿಳು, ಹಿಂದಿ, ಒಡಿಯಾ ಮಾತಾಡುವವರಿದ್ದಾರೆ. 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಂ, ಕಾಯ್ದೆಯಂತೆ ಹಾಕುವ ಸೂಚನಾಫಲಕಗಳು ಇಂಗ್ಲಿಷಿನಲ್ಲೂ ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕೆಂದಿತ್ತು. ಬಹುಪಾಲಿಗೆ ಸೇರದವನ ಕೈಯೂ ಅದೇ ಪ್ರೆಸ್ಸಿನೊಳಗೆ ಹೋಗುತ್ತದೆಯಾದ್ದರಿಂದ ತರಬೇತಿ ಕೈಪಿಡಿಯನ್ನು ನಾಲ್ಕೂ ಭಾಷೆಗಳಲ್ಲಿ ಮಾಡಿಸುತ್ತಾರೆ. ನಾಲ್ವರು ಅನುವಾದಕರು ನಾಲ್ಕು ಕಡೆ ಕೂತು ಬರೆದಾಗ, ಒಂದು ಅಧ್ಯಾಯದಲ್ಲಿ ಬಂದ ಹೆಸರು ಇನ್ನೊಂದರಲ್ಲಿ ಬೇರೆಯಾಗುತ್ತದೆ. ಇದನ್ನು ತಡೆಯಲು ಎಲ್ಲ ಭಾಷೆಗಳಿಗೂ ಸೇರಿದ ಒಂದೇ ಪದಪಟ್ಟಿ ಬೇಕು.

ಇಂಗ್ಲಿಷ್ ಪದವನ್ನು ಎಡಕ್ಕೆ ಬರೆದು, ಬಲಕ್ಕೆ ನಾಲ್ಕು ಸಮಾನಪದ ತುಂಬುವುದು ಸುಲಭವಾಗಿ ಹೊಳೆಯುವ ದಾರಿ. ಬ್ರೇಕರ್ ಮತ್ತು ವಾಲ್ವಿನ ‘ಕ್ಲೋಸ್’ ಒಂದೇ ಸಾಲಿಗೆ ಬಂದು ಬೀಳುವುದು ಆಗಲೇ. ಆಸ್ಟ್ರಿಯಾದ ಓಯ್ಗೆನ್ ವ್ಯೂಸ್ಟರ್ ಈ ತೊಡಕಿಗೆ ಬೇರೆ ದಾರಿ ತೋರಿಸಿದವರು. 1968ರಲ್ಲಿ ಹೊರಬಂದ ಅವರ ಯಂತ್ರೋಪಕರಣಗಳ ನಿಘಂಟಿನಲ್ಲಿ ನಮೂದುಗಳನ್ನು ಅಕಾರಾದಿಯಾಗಿ ಅಲ್ಲ, ವಿಷಯಕ್ಕೆ ತಕ್ಕಂತೆ ಜೋಡಿಸಲಾಗಿತ್ತು. ಒಂದು ಪರಿಕಲ್ಪನೆಗೆ ಒಂದು ನಮೂದು. ಮೊದಲು ವಸ್ತು ಅಥವಾ ಕ್ರಿಯೆ ಯಾವುದೆಂದು ಗಟ್ಟಿಮಾಡಿಕೊಳ್ಳಬೇಕು, ಆಮೇಲೆ ಅದಕ್ಕೆ ಯಾವ ಭಾಷೆಯಲ್ಲಿ ಏನು ಹೆಸರು ಎಂದು ಕೇಳಬೇಕು. ಪರಿಭಾಷಾ ಕೆಲಸ ಮಾಡುವವರು ಇಂದಿಗೂ ಹಿಡಿಯುವ ದಾರಿ ಇದೇ.

ನಮ್ಮ ಪ್ರೆಸ್ ಶಾಪಿನಲ್ಲಿ ಇದನ್ನು ಮಾಡಿ ನೋಡೋಣ. ಡೈ ಬದಲಿಸುವ ಅಧ್ಯಾಯದಲ್ಲಿ ಸ್ಟಾಪ್, ಸ್ವಿಚ್ ಆಫ್, ಲಾಕೌಟ್ ಎಂಬ ಮೂರು ಮಾತುಗಳಿವೆ. ಅನುವಾದದಲ್ಲಿ ಮೂರೂ ‘ಮಷೀನ್ ಬಂದ್ ಮಾಡಿ’ ಆಗಿಬಿಡುವ ಸಾಧ್ಯತೆ ಹೆಚ್ಚು. ಮಷೀನಿನ ಹತ್ತಿರ ಹೋಗಿ ನಿಂತರೆ ಮೂರೂ ಬೇರೆ. ಫ್ಲೈವೀಲ್ ಇರುವ ಪ್ರೆಸ್ಸಿನಲ್ಲಿ ಸ್ಟಾಪ್ ಬಟನ್ ಒತ್ತಿದರೆ ಕ್ಲಚ್ ಬಿಟ್ಟು, ಬ್ರೇಕ್ ಹಿಡಿದು, ಒತ್ತುವ ಭಾಗ ನಿಲ್ಲುತ್ತದೆ. ಮೋಟಾರೂ ಫ್ಲೈವೀಲೂ ತಿರುಗುತ್ತಲೇ ಇರಬಹುದು. ಮೋಟಾರ್ ಆಫ್ ಮಾಡಿದರೂ ಫ್ಲೈವೀಲ್ ತನ್ನ ಓಟದಲ್ಲೇ ಸ್ವಲ್ಪ ಹೊತ್ತು ಸುತ್ತುತ್ತದೆ, ಮತ್ತು ಬೇರೆಯವರು ಬಂದು ಮತ್ತೆ ಆನ್ ಮಾಡಬಹುದು. ಮೂರನೆಯದರಲ್ಲಿ ಮುಖ್ಯ ಸ್ವಿಚ್ಚನ್ನು ಆಫ್ ಮಾಡಿ, ಅದರ ಹಿಡಿಕೆಗೆ ಬೀಗ ಜಡಿದು, ಕೆಲಸ ಮಾಡುವವನ ಹೆಸರಿನ ಟ್ಯಾಗ್ ತೂಗುಹಾಕಿ, ಕೀಲಿ ಅವನ ಜೇಬಿನಲ್ಲೇ ಇರುತ್ತದೆ.

ಹಾಗಾಗಿ ಪಟ್ಟಿಯಲ್ಲಿ ಮೂರು ನಮೂದು. ಮೂರನೆಯದು ಹೀಗಿರಬಹುದು:

ಸಂಖ್ಯೆ: 003
ವಿವರಣೆ: ಮುಖ್ಯ ಸ್ವಿಚ್ಚನ್ನು ಆಫ್ ಸ್ಥಾನದಲ್ಲಿಟ್ಟು, ಬೇರೆ ಯಾರೂ ಆನ್ ಮಾಡಲಾಗದಂತೆ ಸ್ವಂತ ಬೀಗ ಹಾಕುವುದು
ಚಿತ್ರ: ಬೀಗ, ಟ್ಯಾಗ್ ಇರುವ ಸ್ವಿಚ್ಚಿನ ಫೋಟೊ
ಕನ್ನಡ: ಸ್ವಿಚ್ಚಿಗೆ ಬೀಗ ಹಾಕುವುದು
ಬಳಸಬಾರದ್ದು: ಬಂದ್ ಮಾಡುವುದು, ಲಾಕೌಟ್
ಮಾದರಿ ವಾಕ್ಯ: ಡೈ ಬಿಚ್ಚುವ ಮೊದಲು ಸ್ವಿಚ್ಚಿಗೆ ಬೀಗ ಹಾಕಿ.

ಇದರ ಕೆಳಗೆ ತಮಿಳು, ಹಿಂದಿ, ಒಡಿಯಾ ಹೆಸರುಗಳು, ಪ್ರತಿ ಭಾಷೆಯಲ್ಲೂ ಒಪ್ಪಿಗೆ ಕೊಟ್ಟವರು, ತಾರೀಕು. ಸಾಧಾರಣ ಎಕ್ಸೆಲ್ ಹಾಳೆ ಇಷ್ಟಕ್ಕೆ ಸಾಕು.

ಲಾಕೌಟನ್ನು ಬಳಸಬಾರದ ಪದಗಳ ಸಾಲಿಗೆ ಹಾಕಲು ಕಾರಣವಿದೆ. ಕನ್ನಡ ಪತ್ರಿಕೆ ಓದುವ ಕಾರ್ಮಿಕರಿಗೆ ಲಾಕೌಟ್ ಎಂದರೆ ಆಡಳಿತ ಮಂಡಳಿ ಕಾರ್ಖಾನೆಯ ಬಾಗಿಲು ಹಾಕುವುದು. ಇಂಥ ಅಡ್ಡಿಗಳು ಕಚೇರಿಯಲ್ಲಿ ಕೂತವರಿಗೆ ಹೊಳೆಯುವುದಿಲ್ಲ. ಅದಕ್ಕೇ ಹೆಸರನ್ನು ಶಾಪ್ ಫ್ಲೋರಿನಲ್ಲಿ ಹುಡುಕಬೇಕು. ಪದ ಹೇಳಿಕೊಡದೆ ಫೋಟೊವನ್ನಷ್ಟೇ ತೋರಿಸಿ, ‘ಇದಕ್ಕೆ ನೀವು ಏನಂತೀರಿ’ ಎಂದು ಬೇರೆ ಬೇರೆ ಶಿಫ್ಟಿನ ಕೆಲವರನ್ನು ಕೇಳಬೇಕು. ಹೆಚ್ಚಿನವರ ಬಾಯಲ್ಲಿ ಬಂದದ್ದು ಬೇರೆ ನಮೂದಿನ ಹೆಸರಿಗೆ ಡಿಕ್ಕಿ ಹೊಡೆಯದಿದ್ದರೆ ಅದೇ ಗೆಲ್ಲಲಿ, ಅದು ಇಂಗ್ಲಿಷಿನಿಂದ ಬಂದದ್ದಾದರೂ ಸರಿ. ಇನ್ನೊಂದು ಎಚ್ಚರವೂ ಬೇಕು. ಇಂಗ್ಲಿಷ್ ಬಲ್ಲ ಒಡಿಯಾ ಅನುವಾದಕರು ಸಿಗಲಿಲ್ಲವೆಂದು ಹಿಂದಿ ಪ್ರತಿಯಿಂದ ಒಡಿಯಾ ಮಾಡಿಸಿದರೆ, ಹಿಂದಿಯ ‘ಬಂದ್’ ಅಲ್ಲಿಗೂ ದಾಟುತ್ತದೆ. ನಾಲ್ವರೂ ಫೋಟೊ ಮತ್ತು ವಿವರಣೆಯನ್ನು ನೋಡಿಯೇ ತಮ್ಮ ಹೆಸರು ತುಂಬಬೇಕು.

ಎಷ್ಟು ಪದ? ಕೈಪಿಡಿಯ ಎಲ್ಲ ಪದಗಳನ್ನೂ ಸೇರಿಸಹೊರಟರೆ ಕೆಲಸ ಮುಗಿಯದು. ತಪ್ಪಾದರೆ ಪೆಟ್ಟಾಗುವ ಪದಗಳು, ಮಷೀನಿನ ಮೇಲೆಯೇ ಬರೆದಿರುವ ಪದಗಳು, ಒಂದಕ್ಕಿಂತ ಹೆಚ್ಚು ಅಧ್ಯಾಯದಲ್ಲಿ ಬರುವ ಪದಗಳು ಮೊದಲು ಬರಲಿ. ಐವತ್ತರಿಂದ ನೂರು ನಮೂದುಗಳ ಪಟ್ಟಿಯನ್ನು ಒಬ್ಬ ಮೇಂಟೆನೆನ್ಸ್ ಎಂಜಿನಿಯರ್ ಕೂತು ಪರಿಶೀಲಿಸಬಹುದು.

ಪಟ್ಟಿ ಮಾಡಿದರಾಯಿತೇ? ಕೈಪಿಡಿ ಅದನ್ನು ಪಾಲಿಸಿದೆಯೇ ಎಂದು ನೋಡಬೇಕು. ಇಲ್ಲಿ ಕನ್ನಡಕ್ಕೆ ತನ್ನದೇ ತೊಡಕುಗಳಿವೆ. ಕಂಪ್ಯೂಟರಿನಲ್ಲಿ ‘ಗಾರ್ಡ್’ ಎಂದು ಹುಡುಕಿದರೆ ‘ಗಾರ್ಡಿಗೆ’, ‘ಗಾರ್ಡನ್ನು’ ಸಿಗುವುದಿಲ್ಲ. ವಿಭಕ್ತಿ ಸೇರಿದಾಗ ಕೊನೆಯ ಅರ್ಧಾಕ್ಷರದ ಚಿಹ್ನೆ ಬಿದ್ದುಹೋಗಿರುತ್ತದೆ. ‘ಗಾರ್ಡ’ ಎಂದು ಹುಡುಕಿದರೆ ಎಲ್ಲವೂ ಸಿಗುತ್ತವೆ, ಹಾಗಾಗಿ ಹುಡುಕುವ ರೂಪವನ್ನೂ ನಮೂದಿನಲ್ಲಿ ಬರೆದಿಡಬೇಕು. ಎರಡನೆಯದು ಕಣ್ಣಿಗೆ ಕಾಣದ ತೊಡಕು. ಅಕ್ಷರಗಳು ಒತ್ತಾಗದಂತೆ ತಡೆಯಲು ಟೈಪ್ ಮಾಡುವವರು ನಡುವೆ ಅಗೋಚರ ಚಿಹ್ನೆಯೊಂದನ್ನು ಹಾಕುತ್ತಾರೆ. ‘ಲಾಕ್‌ಔಟ್’ ಎಂಬುದನ್ನು ಅದರೊಂದಿಗೆ ಬರೆದರೂ ಅದಿಲ್ಲದೆ ಬರೆದರೂ ಪರದೆಯ ಮೇಲೆ ಒಂದೇ ಥರ ಕಾಣುತ್ತದೆ. ಆ ಚಿಹ್ನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹುಡುಕಾಟಕ್ಕೆ ಮಾತ್ರ ಅವು ಎರಡು ಪದಗಳು. ‘ಲಾಕೌಟ್’, ‘ಲಾಕ್ ಔಟ್’ ಸೇರಿಸಿದರೆ ನಾಲ್ಕು. ನಿಷೇಧಿಸಿದ ಪದ ಕಣ್ತಪ್ಪಿಸಿ ಉಳಿದುಕೊಳ್ಳುವುದು ಹೀಗೆ. ಅದರ ಎಲ್ಲ ರೂಪಗಳನ್ನೂ ‘ಬಳಸಬಾರದ್ದು’ ಸಾಲಿನಲ್ಲಿ ಪಟ್ಟಿ ಮಾಡಿ, ಒಂದೊಂದನ್ನೂ ಹುಡುಕಬೇಕು.

ಪಟ್ಟಿಯಲ್ಲೊಂದು ಹೆಸರು ಬದಲಾದರೆ ನಾಲ್ಕು ಕೈಪಿಡಿಗಳೂ, ಮಷೀನಿಗೆ ಅಂಟಿಸಿದ ಸ್ಟಿಕ್ಕರೂ ಒಟ್ಟಿಗೆ ಬದಲಾಗಬೇಕು. ಹಾಗಾಗಿ ಪ್ರತಿ ಭಾಷೆಗೂ ಒಬ್ಬರೇ ಜವಾಬ್ದಾರರಿರಬೇಕು, ತಿದ್ದುವ ಹಕ್ಕೂ ಅವರಿಗಷ್ಟೇ ಇರಬೇಕು. ಯಾವ ಅಧ್ಯಾಯದಲ್ಲಿ ಯಾವ ನಮೂದು ಬಂದಿದೆ ಎಂಬುದನ್ನು ಸಂಖ್ಯೆಯ ಸಮೇತ ಬರೆದಿಟ್ಟರೆ 003 ಬದಲಾದ ದಿನ ಯಾವ ಪುಟ ತೆರೆಯಬೇಕೆಂದು ಗೊತ್ತಿರುತ್ತದೆ.

ಹೆಸರುಗಳು ಒಂದೇ ಆದ ಮಾತ್ರಕ್ಕೆ ವಾಕ್ಯಗಳು ಅರ್ಥವಾಗುತ್ತವೆ ಎಂದೇನಿಲ್ಲ. ಅದಕ್ಕೆ ಕೊನೆಯ ಪರೀಕ್ಷೆ ಮಷೀನಿನ ಮುಂದೆಯೇ ನಡೆಯಬೇಕು. ಒಂದೊಂದು ಭಾಷೆಯವರಿಗೂ ಅವರವರ ಪ್ರತಿಯ ಅದೇ ಪುಟ ಕೊಟ್ಟು, ಯಾವುದನ್ನೂ ಮುಟ್ಟದೆ, ಮೊದಲು ಏನು ಮಾಡುತ್ತೀರಿ, ಆಮೇಲೆ ಏನು ಎಂದು ಬೆರಳಿಟ್ಟು ತೋರಿಸಲು ಹೇಳಿ. ನಾಲ್ವರ ಬೆರಳೂ ಒಂದೇ ಹಿಡಿಕೆಯತ್ತ, ಒಂದೇ ಕ್ರಮದಲ್ಲಿ ಹೋಗಬೇಕು. ಯಾರದಾದರೂ ಬೇರೆ ಕಡೆ ಹೋದರೆ ಓದಿದವರನ್ನು ತಿದ್ದಲು ಹೋಗದೆ, ಆ ಪುಟದ ನಮೂದುಗಳನ್ನು ಮತ್ತೆ ತೆರೆಯಿರಿ.