ಬಾಗೇವಾಡಿಯ ಹತ್ತು ಅರ್ಜಿ ಎಲ್ಲಿ ಹೋದವು?

ವಿಜಯಪುರ ಜಿಲ್ಲೆಯ ನಾಲ್ಕು ತಾಲೂಕುಗಳಿಂದ ನಾಲ್ವರು ಗೆಳೆಯರು ನನಗೊಂದು ಪಟ್ಟಿ ಮಾಡಿ ಕಳಿಸಿದ್ದರು. ಶಾಲೆ-ಕಾಲೇಜಿನ ವೇಳೆಗೆ ನಮ್ಮೂರಿಗೆ ಬಸ್ ಬೇಕು ಅಂತ ಹಳ್ಳಿಗಳ ಜನ ಕೊಟ್ಟ ಅರ್ಜಿಗಳ ಪಟ್ಟಿ ಅದು. ಒಬ್ಬರು ವಾಟ್ಸಾಪಿನಲ್ಲಿ ಟೈಪ್ ಮಾಡಿದ್ದರು. ಮತ್ತೊಬ್ಬರು ನುಡಿಯಲ್ಲಿದ್ದ ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸಿ ಕೊಟ್ಟರು. ಇನ್ನಿಬ್ಬರು ಎಲ್ಲೆಲ್ಲಿಂದಲೋ ಕಾಪಿ ಮಾಡಿ ಅಂಟಿಸಿದ್ದರು. ಎಲ್ಲವನ್ನೂ ಒಂದೇ ಶೀಟಿಗೆ ಹಾಕಿದಾಗ ಒಟ್ಟು 64 ಸಾಲು ಆದವು.

ನಾನು ಎಂಜಿನಿಯರಿಂಗ್ ಓದಿದವನು, ಕೈಯಲ್ಲಿ ಎಣಿಸುವುದುಂಟೇ? ನಾಲ್ಕು ಸಾಲಿನ ಪೈಥಾನ್ ಬರೆದು, ನಾಲ್ಕು ಹೆಸರು ಟೈಪ್ ಮಾಡಿ, ಯಾವ ತಾಲೂಕಿನಿಂದ ಎಷ್ಟು ಅರ್ಜಿ ಅಂತ ಕೇಳಿದೆ. ಇಂಡಿ 15, ಸಿಂದಗಿ 15, ಮುದ್ದೇಬಿಹಾಳ 12, ಬಸವನ ಬಾಗೇವಾಡಿ 9 ಎಂದು ಉತ್ತರ ಬಂತು. ‘ಬಾಗೇವಾಡಿಯಲ್ಲಿ ಬೇಡಿಕೆಯೇ ಕಡಿಮೆ’ ಎಂದು ಬರೆದೂಬಿಟ್ಟೆ. ಲೇಖನ ಬಂದ ಮರುದಿನ ಬಾಗೇವಾಡಿಯ ಗೆಳೆಯ ಫೋನ್ ಮಾಡಿದ. “ನಾ ಕಳಿಸಿದ್ದು ಹತ್ತೊಂಬತ್ತರಿ ಸರ. ಉಳದ ಹತ್ತು ಎಲ್ಲಿ ಹೋದುವ್ರಿ?”

15, 15, 12, 9 ಕೂಡಿಸಿ ನೋಡಿ. ಬರುವುದು 51. ಶೀಟಿನಲ್ಲಿದ್ದದ್ದು 64. ಮೂರನೇ ತರಗತಿಯ ಕೂಡುವ ಲೆಕ್ಕವನ್ನು ನಾನು ಮಾಡಿರಲಿಲ್ಲ. ಕನ್ನಡದ ಪಟ್ಟಿಯನ್ನು ಕಂಪ್ಯೂಟರಿನಿಂದ ಎಣಿಸಿದಾಗಲೆಲ್ಲ ಮೊದಲು ಮಾಡಬೇಕಾದ ಪರೀಕ್ಷೆ ಇದೇ: ಬಿಡಿಬಿಡಿ ಎಣಿಕೆಯ ಮೊತ್ತ ಒಟ್ಟು ಸಾಲುಗಳಿಗೆ ಸಮ ಬರಬೇಕು. ಬಾರದಿದ್ದರೆ ಕಣ್ಣಿಗೆ ಒಂದೇ ಥರ ಕಾಣುವ ಎರಡು ಹೆಸರುಗಳು ಕಂಪ್ಯೂಟರಿಗೆ ಬೇರೆಬೇರೆಯಾಗಿ ಕಾಣುತ್ತಿವೆ ಎಂದರ್ಥ.

ಹೇಗೆ ಬೇರೆ? ಶೀಟಿನಲ್ಲಿ ಒಂದು ಖಾಲಿ ಕಾಲಂ ಮಾಡಿ `=LEN(A2)` ಹಾಕಿದೆ. ಇದು ಹೆಸರಿನಲ್ಲಿ ಎಷ್ಟು ಯೂನಿಕೋಡ್ ಗುರುತುಗಳಿವೆ ಎಂದು ಹೇಳುತ್ತದೆ. ಕನ್ನಡದಲ್ಲಿ ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ಅರ್ಧಾಕ್ಷರದ ಗುರುತು ಎಲ್ಲವೂ ಒಂದೊಂದಾಗಿ ಎಣಿಕೆಗೆ ಬರುತ್ತವೆ. ಹಾಗಾಗಿ ಮುದ್ದೇಬಿಹಾಳ ಎಂದರೆ 11. ಒಂದು ಸಾಲಿನಲ್ಲಿ ಮಾತ್ರ 12 ಬಂತು. ಆ ಹೆಸರಿನ ಮುಂದೆ ಶೂನ್ಯ ಅಗಲದ ಒಂದು ಸ್ಪೇಸ್ ಕೂತಿತ್ತು, ಅದರ ಯೂನಿಕೋಡ್ ಸಂಖ್ಯೆ `U+200B`. ಉದ್ದದ ಸಾಲನ್ನು ಎಲ್ಲಿ ಮುರಿಯಬಹುದು ಎಂದು ಬ್ರೌಸರಿಗೆ ಹೇಳಲು ವೆಬ್ ಪುಟಗಳಲ್ಲಿ ಇದನ್ನು ಇಡುತ್ತಾರೆ. ನಾವು ಕಾಪಿ ಮಾಡಿದಾಗ ಅದೂ ಜೊತೆಗೆ ಬರುತ್ತದೆ.

ಬಸವನ ಬಾಗೇವಾಡಿಯ ಕಥೆ ಇನ್ನೂ ಮಜಾ. ನಾಲ್ಕು ಸಾಲುಗಳಲ್ಲಿ 12 ಬಂತು, ಯಾಕೆಂದರೆ ಅಲ್ಲಿ ‘ಬಸವನಬಾಗೇವಾಡಿ’ ಎಂದು ಕೂಡಿಸಿ ಬರೆದಿತ್ತು. ಅದು ತಪ್ಪೇನಲ್ಲ, ಎರಡೂ ರೂಢಿಯಲ್ಲಿವೆ. ಉಳಿದ 15 ಸಾಲುಗಳಲ್ಲಿ 13. ಆದರೆ ಅವುಗಳಲ್ಲಿ ನನ್ನ ಪ್ರೋಗ್ರಾಂ ಗುರುತಿಸಿದ್ದು ಒಂಬತ್ತನ್ನೇ! ಉದ್ದ ಒಂದೇ ಇದ್ದೂ ಆರು ಸಾಲು ಬೇರೆ. ಅನುಮಾನ ಇದ್ದದ್ದು ನಡುವಿನ ಸ್ಪೇಸಿನ ಮೇಲೆ. ಅದು ಐದನೇ ಗುರುತು, ಹಾಗಾಗಿ ಅದನ್ನೇ ಕೇಳಿದೆ:

```
=UNICODE(MID(A2,5,1))
```

ಒಂಬತ್ತು ಸಾಲುಗಳಲ್ಲಿ 32, ಆರು ಸಾಲುಗಳಲ್ಲಿ 160. 32 ಎಂದರೆ ನಾವು ಸ್ಪೇಸ್‌ಬಾರ್ ಒತ್ತಿದಾಗ ಬರುವ ಮಾಮೂಲಿ ಸ್ಪೇಸ್. 160 ಎಂದರೆ ಸಾಲು ಮುರಿಯಲು ಬಿಡದ ಸ್ಪೇಸ್, ವೆಬ್ ಪುಟದ ಕೋಡಿನಲ್ಲಿ ` ` ಎಂದು ಬರೆಯುವುದು ಇದನ್ನೇ. ಎಕ್ಸೆಲ್‌ನ `TRIM` ಇದನ್ನು ಮುಟ್ಟುವುದಿಲ್ಲ, ಅದು ಕೆಲಸ ಮಾಡುವುದು 32ರ ಮೇಲೆ ಮಾತ್ರ. ‘ಟ್ರಿಮ್ ಹಾಕಿದ್ದೀನಲ್ಲ, ಇನ್ನೇನು’ ಅಂತ ನಂಬಿ ಕೂರುವವರು ಸಿಕ್ಕಿಬೀಳುವುದು ಇಲ್ಲೇ.

ಇಂಡಿಯಲ್ಲಿ ಎರಡು ಸಾಲು ತಪ್ಪಿಸಿಕೊಂಡಿದ್ದಕ್ಕೆ ಕಾರಣ ಮಾತ್ರ ಅದೃಶ್ಯ ಅಕ್ಷರವಲ್ಲ, ಸೊನ್ನೆ. ಆ ಎರಡು ಕಡೆ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ ಇತ್ತು. ‘ಇಂಡಿ’ ಮತ್ತು ‘ಇ೦ಡಿ’ ನಡುವೆ ವ್ಯತ್ಯಾಸ ಕಂಡರೆ ನಿಮ್ಮ ಕಣ್ಣಿಗೆ ನನ್ನ ನಮಸ್ಕಾರ. ಎರಡರ ಉದ್ದವೂ 4, ಹಾಗಾಗಿ `LEN` ಇಲ್ಲಿಯೂ ಕೈಕೊಡುತ್ತದೆ. ಸಿಂದಗಿಯಲ್ಲೂ ಸೊನ್ನೆ ಇದೆ, ಅಲ್ಲಿ ಹೇಗೋ ಬಚಾವಾದೆವು.

ಲೆಕ್ಕ ಸರಿಹೋಯಿತು: ಇಂಡಿ 17, ಸಿಂದಗಿ 15, ಮುದ್ದೇಬಿಹಾಳ 13, ಬಸವನ ಬಾಗೇವಾಡಿ 19. ನಾನು ‘ಎಲ್ಲಕ್ಕಿಂತ ಕಡಿಮೆ’ ಎಂದು ಬರೆದ ತಾಲೂಕಿನದೇ ಎಲ್ಲಕ್ಕಿಂತ ಹೆಚ್ಚು. ತಿದ್ದುಪಡಿ ಹಾಕಿದೆ, ಬೈಸಿಕೊಂಡೆ.

ಇಷ್ಟಾದ ಮೇಲೆ ಯಾರಿಗಾದರೂ ಬರುವ ಯೋಚನೆ: ಕಾಣದ ಅಕ್ಷರಗಳನ್ನೆಲ್ಲ ಒಟ್ಟಿಗೆ ಅಳಿಸಿಬಿಟ್ಟರಾಯಿತು. ಇಂಗ್ಲಿಷ್ ಪಟ್ಟಿಯಾದರೆ ಅಷ್ಟೇ ಸಾಕಾದೀತು. ಕನ್ನಡದಲ್ಲಿ ಹಾಗೆ ಮಾಡಿದರೆ ಬರಹವೇ ಕೆಡುತ್ತದೆ, ಯಾಕೆಂದರೆ ಇವುಗಳಲ್ಲಿ ಎರಡಕ್ಕೆ ನಮ್ಮ ಲಿಪಿಯಲ್ಲಿ ನಿಜವಾದ ಕೆಲಸವಿದೆ.

ಮೊದಲನೆಯದು `U+200C`, ಬಿಡಿಸುವ ಗುರುತು ಎನ್ನೋಣ. ‘ಆರ್‌ಟಿಐ’ ಎಂದು ಬರೆಯುವಾಗ ‘ರ್’ ಮತ್ತು ‘ಟಿ’ ನಡುವೆ ಇದು ಕೂತಿರುತ್ತದೆ. ತೆಗೆದರೆ ‘ಆರ್ಟಿಐ’ ಆಗಿ, ರಕಾರ ಅರ್ಕಾವತ್ತಾಗಿ ಟಿಯ ಬೆನ್ನೇರುತ್ತದೆ. ‘ಕಾಂಗ್ರೆಸ್‌ನ’ ಎಂಬುದು ‘ಕಾಂಗ್ರೆಸ್ನ’ ಆಗಿ ನಕಾರ ಸಕಾರದ ಕೆಳಗೆ ಒತ್ತಾಗುತ್ತದೆ. ಪದದ ಕೊನೆಯಲ್ಲಿ ಅರ್ಧಾಕ್ಷರ ಬಂದಾಗಲೂ ಕೆಲವು ಕೀಲಿಮಣೆಗಳು, ಕೆಲವು ಪರಿವರ್ತಕಗಳು ಇದನ್ನು ಸುಮ್ಮನೆ ಸೇರಿಸುತ್ತವೆ. ಅಲ್ಲಿ ಅದಕ್ಕೆ ಕೆಲಸವಿಲ್ಲ. ಮುಂದೆ ವ್ಯಂಜನವೇ ಇಲ್ಲದ ಮೇಲೆ ಯಾವುದನ್ನು ಬಿಡಿಸುತ್ತದೆ? ಹೀಗಾಗಿ ಒಂದೇ ‘ಕಾಂಗ್ರೆಸ್’ ಎರಡು ರೂಪಗಳಲ್ಲಿ ಓಡಾಡುತ್ತದೆ, ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು. ಕೆಲವು ತಂತ್ರಾಂಶಗಳು ಹುಡುಕುವಾಗ ಈ ಗುರುತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕೆಲವು ತೆಗೆದುಕೊಳ್ಳುತ್ತವೆ. ಒಂದೇ ಕಡತ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸಂಖ್ಯೆ, ನಿಮ್ಮದರಲ್ಲಿ ಇನ್ನೊಂದು ಸಂಖ್ಯೆ ತೋರಿಸುವುದು ಇದರಿಂದಲೇ.

ಎರಡನೆಯದು `U+200D`, ಕೂಡಿಸುವ ಗುರುತು. ‘ರ‍್ಯಾಲಿ’ಯಲ್ಲಿ ರಕಾರ ಅರ್ಕಾವತ್ತಾಗದೆ ಪೂರ್ತಿ ನಿಂತು, ಯಕಾರ ಅದರ ಕೆಳಗೆ ಬರಲು ಇದು ಬೇಕು. ಯೂನಿಕೋಡ್ ಹೇಳುವ ಪ್ರಕಾರ ಇದು ರಕಾರದ ಕೂಡಲೇ, ಅರ್ಧಾಕ್ಷರದ ಗುರುತಿಗಿಂತ ಮೊದಲು ಬರಬೇಕು. ಆದರೆ ಗುರುತಿನ ನಂತರ ಇಟ್ಟ ಬರಹಗಳೂ ಬೇಕಾದಷ್ಟಿವೆ. ಎರಡನ್ನೂ ಬಿಟ್ಟು ಬರಿ ‘ರ್ಯಾಲಿ’ ಎಂದು ಬರೆಯುವವರೂ ಇದ್ದಾರೆ. ಒಂದು ರ‍್ಯಾಲಿ, ಮೂರು ಕಾಗುಣಿತ.

ನಾನೀಗ ಮಾಡುವುದು ಇಷ್ಟು. ಮೂಲ ಕಾಲಂ ಮುಟ್ಟುವುದಿಲ್ಲ, ಓದುವುದಕ್ಕೆ, ಪ್ರಕಟಿಸುವುದಕ್ಕೆ ಅದೇ. ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ಅದರಲ್ಲಿ ಬಿಡಿಸುವ ಗುರುತು, ಕೂಡಿಸುವ ಗುರುತು ಎಲ್ಲವನ್ನೂ ತೆಗೆದ ರೂಪ ಇಡುತ್ತೇನೆ. ಇದು ಹುಡುಕಲು ಮತ್ತು ವಿಂಗಡಿಸಲು ಮಾತ್ರ, ಕಣ್ಣಿಗೆ ಕೆಟ್ಟದಾಗಿ ಕಂಡರೆ ಕಾಣಲಿ.

```python
import re, unicodedata

def kee(s):
    s = re.sub(r"[\u200b-\u200f\u2060\ufeff\u00ad]", "", s)
    s = re.sub(r"(?<=[\u0c85-\u0ccc])\u0ce6", "\u0c82", s)
    s = unicodedata.normalize("NFC", s)
    return re.sub(r"\s+", " ", s).strip()
```

ಮೊದಲ ಸಾಲು ಅದೃಶ್ಯ ಅಕ್ಷರಗಳನ್ನು ತೆಗೆಯುತ್ತದೆ. ಅದರಲ್ಲಿರುವ `\ufeff` ಕಡತದ ತೀರಾ ಆರಂಭದಲ್ಲಿ ಕೂರುವಂಥದ್ದು. ಮೊದಲ ಕಾಲಮ್ಮಿನ ಹೆಸರು ಮಾತ್ರ ಸಿಗುತ್ತಿಲ್ಲ, ಉಳಿದೆಲ್ಲ ಸರಿ ಇದೆ ಎಂದಾದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಎರಡನೇ ಸಾಲು ಅಕ್ಷರದ ಬೆನ್ನಿಗೇ ಬಂದ ಅಂಕಿ ಸೊನ್ನೆಯನ್ನು ಅನುಸ್ವಾರವಾಗಿಸುತ್ತದೆ. ಅಂಕಿಯ ಬೆನ್ನಿಗೆ ಬಂದ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ, ಹಾಗಾಗಿ ‘೧೦’ ಕೆಡುವುದಿಲ್ಲ. ಮೂರನೆಯದು ‘ೇ’, ‘ೋ’ದಂಥ ಸ್ವರಚಿಹ್ನೆಗಳನ್ನು ತುಂಡುತುಂಡಾಗಿ ಬರೆದಿದ್ದರೆ ಒಂದಾಗಿಸುತ್ತದೆ. ಅದೃಶ್ಯ ಅಕ್ಷರ ತೆಗೆದ ಮೇಲೆಯೇ ಇದನ್ನು ಮಾಡಬೇಕು, ಇಲ್ಲದಿದ್ದರೆ ತುಂಡುಗಳ ನಡುವೆ ಅದೇ ಅಡ್ಡ ಕೂತಿರಬಹುದು. ಕೊನೆಯ ಸಾಲು 160 ಸಹಿತ ಎಲ್ಲ ಬಗೆಯ ಸ್ಪೇಸನ್ನೂ ಒಂದೇ ಮಾಮೂಲಿ ಸ್ಪೇಸ್ ಮಾಡುತ್ತದೆ. ಬರಿ `strip()` ಹಾಕಿದರೆ ತುದಿಯ 160 ಹೋಗುತ್ತದೆ, `U+200B` ಹೋಗುವುದಿಲ್ಲ. ಪೈಥಾನಿಗೆ ಅದು ಸ್ಪೇಸೇ ಅಲ್ಲ.

ಕೋಡ್ ಬರೆಯದವರು ಶೀಟಿನಲ್ಲೇ ಇದರ ಬಹುಪಾಲು ಮಾಡಬಹುದು:

```
=TRIM(SUBSTITUTE(SUBSTITUTE(SUBSTITUTE(SUBSTITUTE(A2,
 UNICHAR(8203),""),UNICHAR(8204),""),UNICHAR(8205),""),
 UNICHAR(160)," "))
```

‘ಬಸವನಬಾಗೇವಾಡಿ’ ಆದರೂ ಉಳಿಯಿತಲ್ಲ? ಅದಕ್ಕೆ ತಾಲೂಕಿನ ಕಾಲಮ್ಮಿಗೆ ಮಾತ್ರ ಸ್ಪೇಸನ್ನೇ ಪೂರ್ತಿ ತೆಗೆದೆ. ದೇವರ ಹಿಪ್ಪರಗಿಯದೂ ಇದೇ ಗೋಳು. ಊರ ಹೆಸರಿಗೆ ಇದು ನಡೆಯುತ್ತದೆ. ಜನರ ಹೆಸರಿಗೆ ಮಾತ್ರ ಹಾಗೆ ಮಾಡಿ ‘ಎರಡು ಸಲ ಬಂದ ಹೆಸರು’ ಅಂತ ಸಾಲು ಅಳಿಸಬೇಡಿ. ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನ ಇಬ್ಬರಿರುವುದು ನಮ್ಮ ಕಡೆ ಹೊಸತೇನಲ್ಲ. ಎರಡು ಸಾಲು ಒಂದೇ ಎಂದು ಕಂಡರೆ ತಂದೆಯ ಹೆಸರೋ ಮನೆ ನಂಬರೋ ನೋಡಿ, ಆಮೇಲೆ ಕೈ ಹಾಕಿ.

ವಿಂಗಡಣೆಯ ಬಗ್ಗೆ ಒಂದು ಮಾತು. ಪೈಥಾನಿನ `sorted()` ಅಕ್ಷರಗಳ ಯೂನಿಕೋಡ್ ಸಂಖ್ಯೆ ನೋಡಿ ಜೋಡಿಸುತ್ತದೆ. ಕನ್ನಡದ ಸಂಖ್ಯೆಗಳು `U+0C80`ರಿಂದ ಶುರು. ಮುಂದೆ `U+200B` ಅಂಟಿದ ಹೆಸರಿನ ಸಂಖ್ಯೆ ಅದಕ್ಕಿಂತ ದೊಡ್ಡದು, ಹಾಗಾಗಿ ಅದು ಪಟ್ಟಿಯ ಬಾಲಕ್ಕೆ ಹೋಗುತ್ತದೆ. ಮುಂದೆ 160 ಅಂಟಿದ್ದು ತಲೆಗೆ ಬರುತ್ತದೆ. ಆದ್ದರಿಂದ ವಿಂಗಡಿಸಿದ ಪಟ್ಟಿಯ ಮೊದಲ ಹತ್ತು, ಕೊನೆಯ ಹತ್ತು ಸಾಲು ಕಣ್ಣಾಡಿಸಿದರೆ ಕಳ್ಳರು ಅಲ್ಲೇ ಸಿಗುತ್ತಾರೆ. ಸ್ವಚ್ಛ ಮಾಡಿದ ಮೇಲೂ ಒಂದು ತಕರಾರು ಉಳಿಯುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳಕಾರ ಕೊನೆಯದು, ಯೂನಿಕೋಡ್ ಸಂಖ್ಯೆಯಲ್ಲಿ ಅದು ಲಕಾರದ ಪಕ್ಕದಲ್ಲೇ ಇದೆ. ಹೀಗಾಗಿ ‘ಬಳಗಾನೂರ’ ನಿಘಂಟಿನ ಕ್ರಮಕ್ಕೆ ವಿರುದ್ಧವಾಗಿ ‘ಬಸವನ’ಕ್ಕಿಂತ ಮೊದಲು ಬರುತ್ತದೆ. ಇದು ಅದೃಶ್ಯ ಅಕ್ಷರಗಳ ಕಿತಾಪತಿ ಅಲ್ಲ, ಎಷ್ಟು ತೊಳೆದರೂ ಹೋಗುವುದಿಲ್ಲ. ಕನ್ನಡದ ಕ್ರಮವನ್ನು ಬೇರೆಯಾಗಿಯೇ ಹೇಳಿಕೊಡಬೇಕು.

ಬಾಗೇವಾಡಿಯ ಗೆಳೆಯ ಈಚೆಗೆ ಮತ್ತೊಂದು ಪಟ್ಟಿ ಕಳಿಸಿದ್ದಾನೆ. ಕೆಳಗೊಂದು ಸಾಲು ಬರೆದಿದ್ದ: “ಒಟ್ಟು 31 ಅದಾವ್ರಿ. ಎಣಿಸಿದ ಮ್ಯಾಲೆ ಎಷ್ಟ್ ಬಂದುವು ಅಂತ ಹೇಳ್ರಿ.”