ಕನ್ನಡ ಕೂಟಕ್ಕೆ ಮೊದಲ ಸಲ ಹೋಗುವಾಗ

ಪ್ರಶ್ನೆ: ಅಮೆರಿಕಕ್ಕೆ ಹೊಸದಾಗಿ ಬಂದಿದ್ದೇವೆ. ಇಲ್ಲಿನ ಕನ್ನಡ ಕೂಟದ ಯುಗಾದಿಗೆ ಸದಸ್ಯರಲ್ಲದವರೂ ಹೋಗಬಹುದೇ? ಏನು ತರಬೇಕು?

ಉತ್ತರ: ಧಾರಾಳವಾಗಿ ಹೋಗಿ. ಸಾಮಾನ್ಯವಾಗಿ ಸದಸ್ಯರಲ್ಲದವರಿಗೆ ಟಿಕೆಟ್ ಸ್ವಲ್ಪ ದುಬಾರಿ, ಅಷ್ಟೇ. ವರ್ಷಕ್ಕೆ ಎರಡು ಮೂರು ಹಬ್ಬಕ್ಕೆ ಹೋಗುವವರಾದರೆ ಕುಟುಂಬ ಸದಸ್ಯತ್ವವೇ ಲಾಭ. ಬರುವವರ ಸಂಖ್ಯೆಯನ್ನು ಮೊದಲೇ ತಿಳಿಸಿ. ಊಟದ ಲೆಕ್ಕ ನಿಂತಿರುವುದು ಅದರ ಮೇಲೆ.

ಊಟ ಕೂಟದ್ದೇ ಆದರೆ ಬರಿಗೈಯಲ್ಲಿ ಹೋದರೂ ಸರಿ. ಪಾಟ್‌ಲಕ್ ಆದರೆ ಎಲ್ಲರಿಗೂ ಸಾಕಾಗುವಷ್ಟು ಮಾಡಲು ಹೋಗಬೇಡಿ. ನಾಲ್ಕು ಕಪ್ ಅಕ್ಕಿಯ ಪುಳಿಯೋಗರೆ ಸುಮಾರು ಹನ್ನೆರಡು ಕಪ್ ಆಗುತ್ತದೆ. ತಲೆಗೆ ಅರ್ಧ ಕಪ್ ಎಂದರೆ ಇಪ್ಪತ್ತನಾಲ್ಕು ಜನಕ್ಕೆ ಬಂತು. ದೋಸೆ, ಪೂರಿ ಬೇಡ, ಆರಿದರೆ ಯಾರೂ ಮುಟ್ಟುವುದಿಲ್ಲ. ಅಲ್ಲೇ ಬಿಸಿ ಮಾಡೋಣವೆಂದರೆ ಬಾಡಿಗೆ ಸಭಾಂಗಣಗಳಲ್ಲಿ ಒಲೆ ಹಚ್ಚಲು ಎಷ್ಟೋ ಕಡೆ ಬಿಡುವುದಿಲ್ಲ. ಅನ್ನದ ಅಡುಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ನಾಟಕ, ಭಾಷಣ ಮುಗಿದು ಊಟಕ್ಕೆ ಕರೆಯುವ ಹೊತ್ತಿಗೆ ಆ ಎರಡು ಗಂಟೆ ಸುಲಭವಾಗಿ ದಾಟಿರುತ್ತದೆ. ಬಿಸಿ ಹಿಡಿಯುವ ಡಬ್ಬಿಯಲ್ಲೇ ತನ್ನಿ. ಕಡಲೆಬೀಜ, ಗೋಡಂಬಿ ಹಾಕಿದ್ದರೆ ಚೀಟಿ ಅಂಟಿಸಿ, ಅಲರ್ಜಿಯ ಮಕ್ಕಳಿರುತ್ತಾರೆ. ಬಡಿಸುವ ಸೌಟು ಮರೆಯಬೇಡಿ. ಪಾತ್ರೆಯ ತಳದಲ್ಲಿ ಹೆಸರು ಬರೆದಿರಲಿ, ಇಲ್ಲದಿದ್ದರೆ ನಿಮ್ಮದು ಇನ್ನೊಬ್ಬರ ಮನೆ ಸೇರುತ್ತದೆ.