ಬೆಣ್ಣೆ ಬಾಗಬೇಕು, ಒಡೆಯಬಾರದು

ಕ್ರೊಸಾಂ ಚೆನ್ನಾಗಿ ಬಂದಿದೆಯೋ ಇಲ್ಲವೋ ಎಂಬುದು ಮೇಲಿನ ಹೊಂಬಣ್ಣದಿಂದ ತಿಳಿಯುವುದಿಲ್ಲ. ಅದನ್ನು ನಡುವೆ ಅಡ್ಡಕ್ಕೆ ಕೊಯ್ದು ನೋಡಬೇಕು. ಒಳಗೆ ತೆಳ್ಳನೆಯ ಗೋಡೆಗಳ, ಒಂದರಿಂದೊಂದು ಬಿಡಿಸಿಕೊಂಡ ದೊಡ್ಡ ಗೂಡುಗಳಿದ್ದರೆ ಕೆಲಸ ಸರಿಯಾಗಿದೆ. ಅದರ ಬದಲು ಬನ್ನಿನ ಹಾಗೆ ಒತ್ತಾದ ತಿರುಳು ಕಂಡರೆ, ಅಥವಾ ಒಂದೆಡೆ ದೊಡ್ಡ ಪೊಳ್ಳು, ಇನ್ನೊಂದೆಡೆ ಗಟ್ಟಿ ಮುದ್ದೆ, ಟ್ರೇಯಲ್ಲಿ ಬೆಣ್ಣೆಯ ಮಡು ಕಂಡರೆ, ತಪ್ಪು ಬಹುಪಾಲು ಓವನ್‌ನದಲ್ಲ. ಅದು ಹಿಂದಿನ ದಿನ ಲಟ್ಟಿಸುವ ಕಲ್ಲಿನ ಮೇಲೆ ನಡೆದುಹೋಗಿರುತ್ತದೆ.

ಆಸ್ಟ್ರಿಯಾದ ಆಗಸ್ಟ್ ಝಾಂಗ್ 1830ರ ದಶಕದ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ವಿಯೆನ್ನಾ ಶೈಲಿಯ ಬೇಕರಿ ತೆರೆದ ಮೇಲೆ ಅರ್ಧಚಂದ್ರಾಕಾರದ ಈ ತಿನಿಸು ಅಲ್ಲಿ ಮನೆಮಾತಾಯಿತು. ಇಂದು ನಾವು ತಿನ್ನುವ ಪದರು ಪದರಾದ ರೂಪ ಬಂದದ್ದು ಅದಕ್ಕೂ ಬಹಳ ನಂತರ, ಫ್ರೆಂಚ್ ಬೇಕರಿಗಳಲ್ಲಿ. ನಮ್ಮ ಅಯ್ಯಂಗಾರ್ ಬೇಕರಿಯ ಪಫ್ಸ್‌ನಲ್ಲೂ ಪದರಗಳಿವೆ. ಆದರೆ ಅದರ ಕಣಕಕ್ಕೆ ಯೀಸ್ಟ್ ಇಲ್ಲ. ಪದರಗಳ ನಡುವೆ ಸಾಮಾನ್ಯವಾಗಿ ಬಳಸುವ ಬೇಕರಿ ಕೊಬ್ಬು ಬೆಣ್ಣೆಗಿಂತ ಹೆಚ್ಚು ಶಾಖ ತಡೆಯುತ್ತದೆ. ಕ್ರೊಸಾಂನಲ್ಲಿ ಯೀಸ್ಟೂ ಇದೆ, ಬೇಗ ಕರಗುವ ಬೆಣ್ಣೆಯೂ ಇದೆ. ಕಷ್ಟವೆಲ್ಲ ಹುಟ್ಟುವುದು ಈ ಜೋಡಿಯಿಂದ.

ಒಂದು ಅಳತೆ ಹಿಡಿದು ನೋಡೋಣ. ಕಣಕಕ್ಕೆ 500 ಗ್ರಾಂ ಮೈದಾ, ಹಾಲು ಮತ್ತು ನೀರು ತಲಾ 140 ಗ್ರಾಂ, ಸಕ್ಕರೆ 55 ಗ್ರಾಂ, ಉಪ್ಪು 10 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 7 ಗ್ರಾಂ, ಬೆಣ್ಣೆ 40 ಗ್ರಾಂ. ಇದನ್ನು ಕಲಸಿ, ಚಪ್ಪಟೆ ಮಾಡಿ, ಮುಚ್ಚಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಬೇಕು. ಪದರಕ್ಕಾಗಿ ಬೇರೆಯಾಗಿ 250 ಗ್ರಾಂ ಉಪ್ಪಿಲ್ಲದ ಬೆಣ್ಣೆ. ಫ್ರಾನ್ಸ್‌ನಲ್ಲಿ ಇದಕ್ಕೆಂದೇ ಶೇ. 84 ಕೊಬ್ಬಿನ ಬೆಣ್ಣೆ ಸಿಗುತ್ತದೆ. ನಮ್ಮಲ್ಲಿ ಟೇಬಲ್ ಬೆಣ್ಣೆಗೆ ಕನಿಷ್ಠ ಶೇ. 80 ಕೊಬ್ಬಿನ ನಿಯಮವಿದೆ. ಕೊಬ್ಬು ಕಡಿಮೆಯಾದಷ್ಟೂ ನೀರು ಹೆಚ್ಚು, ಹಾಗಾಗಿ ಸಿಕ್ಕಿದ್ದರಲ್ಲಿ ಹೆಚ್ಚು ಕೊಬ್ಬಿನದನ್ನು ಆರಿಸುವುದು ಒಳ್ಳೆಯದು.

ಬೆಣ್ಣೆಯೊಳಗೆ ಗಟ್ಟಿ ಕೊಬ್ಬಿನ ಹರಳುಗಳೂ ದ್ರವ ಕೊಬ್ಬೂ ಒಟ್ಟಿಗೆ ಇರುತ್ತವೆ. 4 ಡಿಗ್ರಿಯಲ್ಲಿ ಹರಳುಗಳದೇ ಮೇಲುಗೈ. ಆಗ ಬೆಣ್ಣೆ ಪೆಡಸಾಗಿ, ಬಗ್ಗಿಸಿದರೆ ಮುರಿಯುತ್ತದೆ. 20 ಡಿಗ್ರಿ ದಾಟಿದರೆ ಬೆರಳಿಗೆ ಮೆತ್ತಿಕೊಳ್ಳುತ್ತದೆ. ನಡುವೆ, ಸುಮಾರು 12ರಿಂದ 15 ಡಿಗ್ರಿಯಲ್ಲಿ, ಅದು ಮುರಿಯದೆ ಬಾಗುತ್ತದೆ. ಅಲ್ಲಿಗೆ ತಲುಪಲು ಬೆಣ್ಣೆಯನ್ನು ಹೊರಗಿಟ್ಟು ಕಾಯುವುದಕ್ಕಿಂತ, ತಣ್ಣಗಿರುವಾಗಲೇ ಎರಡು ಬಟರ್ ಪೇಪರ್‌ಗಳ ನಡುವೆ ಇಟ್ಟು ಲಟ್ಟಣಿಗೆಯಿಂದ ಬಡಿಯುವುದು ಮೇಲು. ಬಡಿತಕ್ಕೆ ಹರಳುಗಳ ಬಿಗಿ ಹಂದರ ಸಡಿಲವಾಗಿ, ಬೆಣ್ಣೆ ತಣ್ಣಗಿದ್ದೇ ಮಣಿಯುವಂತಾಗುತ್ತದೆ. ಕರಗಿಸಿ ಮತ್ತೆ ಗಟ್ಟಿ ಮಾಡಿದ ಬೆಣ್ಣೆಗೆ ಈ ಗುಣ ಉಳಿಯುವುದಿಲ್ಲ. ಬಡಿದು 20 ಸೆಂ.ಮೀ. ಚೌಕ ಮಾಡಿದರೆ ಸುಮಾರು 7 ಮಿ.ಮೀ. ದಪ್ಪದ ಹಲಗೆಯಾಗುತ್ತದೆ.

ಹೋಳಿಗೆ ಮಾಡುವವರಿಗೆ ಮುಂದಿನ ಮಾತು ಬೇಗ ಹಿಡಿಸುತ್ತದೆ: ಕಣಕ ಮತ್ತು ಹೂರಣ ಒಂದೇ ಹದದಲ್ಲಿರದಿದ್ದರೆ ಲಟ್ಟಿಸುವಾಗ ಹೂರಣ ಹೊರಬರುತ್ತದೆ. ಇಲ್ಲಿಯೂ ಮುಖ್ಯವಾದದ್ದು ಎರಡರ ಮೆದುತನ ಒಂದಾಗಿರುವುದೇ ಹೊರತು ಥರ್ಮಾಮೀಟರಿನ ಅಂಕಿ ಒಂದಾಗಿರುವುದಲ್ಲ. ಕಣಕ 5 ಡಿಗ್ರಿಯಲ್ಲೂ ಹಿಗ್ಗುತ್ತದೆ, ಬೆಣ್ಣೆ ಹಿಗ್ಗುವುದಿಲ್ಲ. ಆದ್ದರಿಂದ ಕಣಕ ಫ್ರಿಜ್‌ನಿಂದ ಆಗಷ್ಟೇ ತೆಗೆದಂತೆ 4–6 ಡಿಗ್ರಿಯಲ್ಲಿರಲಿ, ಬೆಣ್ಣೆ 12–14ರಲ್ಲಿರಲಿ. ಬೆಣ್ಣೆಯ ಹಲಗೆಯನ್ನು ಮೇಜಿನ ಅಂಚಿಗೆ ಒತ್ತಿದಾಗ ಬಿರುಕಿಲ್ಲದೆ ಬಾಗಿದರೆ ಸಿದ್ಧ.

ತಪ್ಪಿದರೆ ಕಣ್ಣಿಗೆ ಕಾಣುತ್ತದೆ. ಬೆಣ್ಣೆ ತೀರಾ ತಣ್ಣಗಿದ್ದರೆ ಲಟ್ಟಿಸುತ್ತಿರುವ ಹಾಗೆಯೇ ಕಣಕದ ಕೆಳಗೆ ಹಳದಿ ಚೂರುಗಳು ಬಿರಿದ ಕೆರೆಯಂಗಳದಂತೆ ಕಾಣಿಸುತ್ತವೆ. ಮೊದಲ ಬಿರುಕು ಕಂಡ ತಕ್ಷಣ ನಿಲ್ಲಿಸಿ, ಐದು ನಿಮಿಷ ಬಿಟ್ಟು, ಲಟ್ಟಣಿಗೆಯಿಂದ ಮೆಲ್ಲಗೆ ಒತ್ತುತ್ತ ಮುಂದುವರಿಯಬಹುದು. ಆದರೆ ಚೂರುಗಳು ದೂರ ಸರಿದ ಮೇಲೆ ಅವನ್ನು ಮತ್ತೆ ಕೂಡಿಸಲಾಗದು. ಬೆಣ್ಣೆ ಮೆತ್ತಗಾಗಿದ್ದರೆ ಕಣಕ ಜಾರುತ್ತದೆ, ಅಂಚಿನಿಂದ ಬೆಣ್ಣೆ ಇಣುಕುತ್ತದೆ. ಕೂಡಲೇ ಇಪ್ಪತ್ತು ನಿಮಿಷ ಫ್ರಿಜ್‌ಗೆ ಸೇರಿಸಬೇಕು. ಅವಸರಕ್ಕೆ ಫ್ರೀಜರಿನಲ್ಲಿ ಹೆಚ್ಚು ಹೊತ್ತು ಇಟ್ಟರೆ ಅಂಚು ಕಲ್ಲಾಗಿ ನಡುಭಾಗ ಮೆತ್ತಗೇ ಉಳಿಯುತ್ತದೆ.

ಇನ್ನು ಮಡಿಕೆಗಳ ಲೆಕ್ಕ. ಕಣಕವನ್ನು 21×41 ಸೆಂ.ಮೀ.ಗೆ ಲಟ್ಟಿಸಿ, ಬೆಣ್ಣೆ ಇಟ್ಟು ಮುಚ್ಚಿದಾಗ ಒಳಗಿರುವುದು ಬೆಣ್ಣೆಯ ಒಂದೇ ಪದರ. ಪತ್ರ ಮಡಿಸಿದಂತೆ ಮೂರಾಗಿ ಮಡಿಸಿದರೆ ಮೂರು ಪದರ. ಎರಡೂ ತುದಿಗಳನ್ನು ನಡುವಿಗೆ ತಂದು ಪುಸ್ತಕದಂತೆ ಮುಚ್ಚಿದರೆ ನಾಲ್ಕು. ಪ್ರತಿ ಮಡಿಕೆಯೂ ಹಿಂದಿನದನ್ನು ಗುಣಿಸುತ್ತದೆ. ಮೂರು ಪತ್ರಮಡಿಕೆಗೆ 27 ಪದರ, ಒಂದು ಪುಸ್ತಕಮಡಿಕೆ ಮತ್ತು ಒಂದು ಪತ್ರಮಡಿಕೆಗೆ 12.

ಪದರ ಹೆಚ್ಚಾದಷ್ಟೂ ಒಳ್ಳೆಯದೆಂದು ಅನ್ನಿಸುವುದು ಸಹಜ, ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಕೊನೆಗೆ 4 ಮಿ.ಮೀ. ದಪ್ಪಕ್ಕೆ ಲಟ್ಟಿಸಿದ ಹಾಳೆಯಲ್ಲಿ ಪದರದ ಬೆಣ್ಣೆಯ ಪಾಲು ಒಟ್ಟು ಸುಮಾರು 1 ಮಿ.ಮೀ. ಅದನ್ನು 12 ಪದರಗಳಿಗೆ ಹಂಚಿದರೆ ಒಂದೊಂದೂ 0.08 ಮಿ.ಮೀ., 27ಕ್ಕೆ ಹಂಚಿದರೆ 0.04. ನಾಲ್ಕನೆಯ ಪತ್ರಮಡಿಕೆ ಹಾಕಿ 81 ಮಾಡಿದರೆ 0.012. ಅಷ್ಟು ತೆಳುವಾದ ಬೆಣ್ಣೆ ಕಣಕವನ್ನು ಬೇರೆ ಬೇರೆಯಾಗಿ ಹಿಡಿದಿಡಲಾರದೆ ಅದರೊಳಗೇ ಕಲೆತುಹೋಗುತ್ತದೆ. 27 ಪದರದಲ್ಲಿ ತಿರುಳಿನ ಗೂಡು ಸಣ್ಣದು, ಮೇಲಿನ ಹೊದಿಕೆ ನವಿರು. 12ರಲ್ಲಿ ಗೂಡು ದೊಡ್ಡದು, ಹೊದಿಕೆ ಗರಿಗರಿ. ಬೇಸಿಗೆಯಲ್ಲಿ 30 ಡಿಗ್ರಿ ದಾಟುವ ನಮ್ಮ ಅಡುಗೆಮನೆಗಳಿಗೆ 12ರ ದಾರಿಯೇ ಸೂಕ್ತ. ಒಂದು ಮಡಿಕೆ ಕಡಿಮೆಯಾದರೆ ಬೆಣ್ಣೆ ಬಿಸಿಗೆ ಸಿಗುವ ಹೊತ್ತೂ ಅಷ್ಟು ಕಡಿಮೆ.

ಬೆಣ್ಣೆ ತುಂಬಿದ ಕಣಕವನ್ನು 22×70 ಸೆಂ.ಮೀ. ಮಾಡಿ, ದುಂಡಾದ ತುದಿಗಳನ್ನು ಕತ್ತರಿಸಿ ತೆಗೆಯಬೇಕು. ಅಲ್ಲಿ ಬೆಣ್ಣೆ ತಲುಪಿರುವುದಿಲ್ಲ. ಪುಸ್ತಕಮಡಿಕೆಯಲ್ಲಿ ತುದಿಗಳು ಕೂಡುವ ಜಾಗ ನಟ್ಟನಡುವೆ ಬಾರದೆ ಸ್ವಲ್ಪ ಪಕ್ಕಕ್ಕಿರಲಿ, ಇಲ್ಲವಾದರೆ ಮುಚ್ಚುವಾಗ ಸೀಳು ಬೀಳುತ್ತದೆ. ಉದುರಿಸಿದ ಒಣ ಮೈದಾವನ್ನು ಬ್ರಷ್‌ನಿಂದ ಗುಡಿಸಿಯೇ ಮಡಿಸಬೇಕು. ಆಮೇಲೆ 45 ನಿಮಿಷ ಫ್ರಿಜ್‌ನಲ್ಲಿ ವಿಶ್ರಾಂತಿ. ಎಳೆದ ಗ್ಲುಟೆನ್ ಆ ಹೊತ್ತಿನಲ್ಲಿ ಸಡಿಲವಾಗುತ್ತದೆ. ಅದನ್ನು ಬಿಟ್ಟು ಮತ್ತೆ ಲಟ್ಟಿಸಿದರೆ ಕಣಕ ಹಿಂದಕ್ಕೆ ಕುಗ್ಗುತ್ತದೆ, ಬಲ ಹಾಕಿದರೆ ಹರಿದು ಬೆಣ್ಣೆ ಹೊರಬರುತ್ತದೆ. ಫ್ರಿಜ್‌ನಲ್ಲಿ ಬೆಣ್ಣೆಯೂ ಪೆಡಸಾಗಿರುವುದರಿಂದ ತೆಗೆದ ಮೇಲೆ ಕೆಲವು ನಿಮಿಷ ಕಾಯಬೇಕು. ಬಹಳಷ್ಟು ಬಿರುಕುಗಳು ಬೀಳುವುದು ಈ ಎರಡನೆಯ ಸುತ್ತಿನಲ್ಲೇ. ಕಣಕವನ್ನು ಕಾಲುಸುತ್ತು ತಿರುಗಿಸಿ, ತೆರೆದ ಅಂಚುಗಳ ದಿಕ್ಕಿಗೆ ಲಟ್ಟಿಸಿ, ಪತ್ರಮಡಿಕೆ ಹಾಕಿ, ಇನ್ನೊಮ್ಮೆ ವಿಶ್ರಾಂತಿ ಕೊಟ್ಟು 4 ಮಿ.ಮೀ.ಗೆ ಇಳಿಸಿ ತ್ರಿಕೋನ ಕತ್ತರಿಸಿ ಸುತ್ತಬಹುದು.

ಸುತ್ತಿದ್ದು 25–26 ಡಿಗ್ರಿಯಲ್ಲಿ ಎರಡರಿಂದ ಎರಡೂವರೆ ಗಂಟೆ ಉಬ್ಬಲಿ. ಟ್ರೇ ಅಲುಗಿಸಿದರೆ ಮೆಲ್ಲಗೆ ನಡುಗಬೇಕು. 28 ಡಿಗ್ರಿ ದಾಟಿದರೆ ಅಷ್ಟು ಜತನದಿಂದ ಕಾಪಾಡಿದ ಬೆಣ್ಣೆ ಇಲ್ಲೇ ಸೋರತೊಡಗುತ್ತದೆ. ನಂತರ 190 ಡಿಗ್ರಿಯ ಓವನ್‌ನಲ್ಲಿ ಸುಮಾರು 20 ನಿಮಿಷ. ಬೆಣ್ಣೆಯಲ್ಲೂ ಕಣಕದಲ್ಲೂ ಇರುವ ನೀರು ಆವಿಯಾಗಿ ಪದರಗಳನ್ನು ಎತ್ತುತ್ತದೆ.

ಈಗ ಕೊಯ್ದು ನೋಡಿದರೆ ಕಾರಣ ಹುಡುಕಬಹುದು. ಬನ್ನಿನಂಥ ತಿರುಳಿದ್ದರೆ ಬೆಣ್ಣೆ ಮೆತ್ತಗಾಗಿತ್ತು, ಇಲ್ಲವೇ ಮಡಿಕೆ ಹೆಚ್ಚಾಯಿತು. ಪೊಳ್ಳೂ ಮುದ್ದೆಯೂ ಅಕ್ಕಪಕ್ಕ ಇದ್ದರೆ ಬೆಣ್ಣೆ ಒಡೆದಿತ್ತು. ಪದರಗಳು ಸರಿಯಿದ್ದೂ ಒಳಗೆ ಒತ್ತಾಗಿ, ಟ್ರೇಗೆ ಬೆಣ್ಣೆ ಇಳಿದಿದ್ದರೆ ಉಬ್ಬಿದ್ದು ಸಾಲದು. ಮಡಿಸುವಾಗಲೇ ಬೆಣ್ಣೆ ಕಲೆತುಹೋದದ್ದು ತಿಳಿದರೆ ಆ ಕಣಕವನ್ನು ಕ್ರೊಸಾಂ ಮಾಡಲು ಹೋಗದೆ ಬ್ರೆಡ್ ಟಿನ್ನಿಗೆ ಹಾಕಿ ಉಬ್ಬಿಸಿ ಬೇಯಿಸಬೇಕು. ಬೆಣ್ಣೆ ತುಂಬಿದ ಮೆದುವಾದ ಬ್ರೆಡ್ ಸಿಗುತ್ತದೆ. ಮುಂದಿನ ಸಲ ಬದಲಾಯಿಸಬೇಕಾದದ್ದು ಒಂದೇ: ಎರಡು ಮಡಿಕೆಗಳ ನಡುವೆ ಫ್ರಿಜ್‌ನಲ್ಲಿಡುವ ಹೊತ್ತು.